ದಾಕ್ಷಾಯಣಿ ಮೇಡಂ ಕಾರ್ಡು

ಹಬ್ಬದ ಸೇಲ್ ಶುರುವಾಯಿತೆಂದರೆ ಆ ಫಾರ್ಮಸಿ ಕಾಲೇಜಿನ ಆಫೀಸಿನಲ್ಲಿ ಫೈಲುಗಳಿಗೆ ಅರ್ಧ ರಜೆ. ಪ್ರಿನ್ಸಿಪಾಲರು ರೌಂಡಿಗೆ ಹೊರಟ ಮೇಲೆ ಒಬ್ಬೊಬ್ಬರೇ ಫೋನು ಹಿಡಿದುಕೊಂಡು ದಾಕ್ಷಾಯಣಿ ಮೇಡಂ ಮೇಜಿನ ಹತ್ತಿರ ಬರುತ್ತಿದ್ದರು. ಮಿಕ್ಸಿ, ಮಕ್ಕಳ ಶೂ, ಕುಕ್ಕರು, ಇಯರ್‌ಫೋನು, ಯಾರಿಗೆ ಏನು ಬೇಕೋ ಅದು. ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿಗೆ ಮಾತ್ರ ಹತ್ತು ಪರ್ಸೆಂಟ್ ರಿಯಾಯಿತಿ ಇರುತ್ತಿತ್ತು, ಆ ಬ್ಯಾಂಕಿನ ಕಾರ್ಡು ಇಡೀ ಆಫೀಸಿನಲ್ಲಿ ಇದ್ದದ್ದು ಸೂಪರಿಂಟೆಂಡೆಂಟ್ ದಾಕ್ಷಾಯಣಿಯ ಹತ್ತಿರ ಮಾತ್ರ. ಅವಳು ತನ್ನ ಕಾರ್ಡಿನಲ್ಲಿ ಆರ್ಡರ್ ಹಾಕುವುದು, ಅವರು ಅವಳ ಖಾತೆಗೆ ಫೋನಿನಿಂದ ದುಡ್ಡು ಕಳಿಸುವುದು, ತಿಂಗಳ ಕೊನೆಗೆ ಬಿಲ್ಲು ಬಂದಾಗ ಅವಳು ಬ್ಯಾಂಕಿಗೆ ಕಟ್ಟುವುದು. ಹೀಗೆ ವರ್ಷಗಟ್ಟಲೆ ನಡೆದುಕೊಂಡು ಬಂದಿತ್ತು, ಒಂದು ರೂಪಾಯಿ ಹೆಚ್ಚುಕಡಿಮೆ ಆಗಿರಲಿಲ್ಲ.

ಗದಗಿನ ಕಡೆಯಿಂದ ಮದುವೆಯಾಗಿ ಬೆಂಗಳೂರಿಗೆ ಬಂದವಳು ದಾಕ್ಷಾಯಣಿ. ಬಂದ ಹೊಸತರಲ್ಲಿ ಇದೇ ಆಫೀಸಿನಲ್ಲಿ ಅವಳ ಮಾತು ಕೇಳಿ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಆಮೇಲೆ ಅವಳೂ ಇಲ್ಲಿಯವರ ಹಾಗೆ 'ಬರ್ತೀನಿ, ಹೋಗ್ತೀನಿ' ಕಲಿತಳು, ಊರ ಮಾತನ್ನು ಮನೆಗೆ ಮಾತ್ರ ಇಟ್ಟುಕೊಂಡಳು. ಆದರೂ ಅವಳನ್ನು ನಿಜವಾಗಿ ಮೇಡಂ ಮಾಡಿದ್ದು ಆ ಕಾರ್ಡು. ಜನ ತನ್ನ ಮೇಜಿನ ಮುಂದೆ ನಿಂತು 'ನಂದೊಂದು ಹಾಕಿಬಿಡಿ ಮೇಡಂ' ಅಂದಾಗ ಒಳಗೊಳಗೇ ಹಿಗ್ಗುತ್ತಿದ್ದಳು. ಅದರಲ್ಲಿ ತಪ್ಪೇನಿಲ್ಲ ಬಿಡಿ, ಹತ್ತು ಜನಕ್ಕೆ ಬೇಕಾಗುವುದು ಯಾರಿಗೆ ಬೇಡ?

ಎಡವಟ್ಟು ಶುರುವಾದದ್ದು ಶಾಂತಲಾಳ ಟೀವಿಯಿಂದ. ಶಾಂತಲಾ ಜಕ್ಕೂರಿನ ಹಳೇ ಊರಿನವಳು. ಅವರ ಹೊಲ ಇದ್ದ ಕಡೆಯೆಲ್ಲ ಈಗ ಅಪಾರ್ಟ್‌ಮೆಂಟು ಎದ್ದು, ಮನೆಗೆ ಬಾಡಿಗೆಯ ಹೊಳೆ ಹರಿಯುತ್ತಿತ್ತು. ಕೆಲಸಕ್ಕೆ ಬರುತ್ತಿದ್ದದ್ದು ಹೊತ್ತು ಕಳೆಯಲಿಕ್ಕೆ. ಅವಳು ಗೋಡೆಯಗಲದ ಟೀವಿಯೊಂದನ್ನು ತೋರಿಸಿ ಇದನ್ನು ಹಾಕಿ ಅಂದಳು. ದಾಕ್ಷಾಯಣಿಯ ಕಾರ್ಡಿನ ಲಿಮಿಟ್ ಇದ್ದದ್ದು ಎಪ್ಪತ್ತೈದು ಸಾವಿರ, ಅದರಲ್ಲಿ ಆಗಲೇ ಊರವರ ಕುಕ್ಕರು ಶೂಗಳೆಲ್ಲ ಕೂತಿದ್ದವು. ಟೀವಿಗೆ ಜಾಗ ಸಾಲಲಿಲ್ಲ. ಪರವಾಗಿಲ್ಲ ಬಿಡಿ, ಅಂಗಡಿಯಲ್ಲೇ ತಗೋತೀವಿ ಅಂತ ಶಾಂತಲಾ ನಕ್ಕು ಹೋದಳು. ಆ 'ಪರವಾಗಿಲ್ಲ' ದಾಕ್ಷಾಯಣಿಗೆ ಕೆನ್ನೆಗೆ ಹೊಡೆದಷ್ಟಾಯಿತು.

ಬ್ಯಾಂಕಿನ ಆ್ಯಪಿನಲ್ಲಿ ಎರಡು ವಾರದಿಂದ ಒಂದು ಸಂದೇಶ ಬಂದು ಕೂತಿತ್ತು. ನೀವು ನಮ್ಮ ಮೆಚ್ಚಿನ ಗ್ರಾಹಕರು, ನಿಮ್ಮ ಲಿಮಿಟ್ಟನ್ನು ಎರಡೂವರೆ ಲಕ್ಷಕ್ಕೆ ಏರಿಸಬಹುದು, ಒಪ್ಪಿಗೆ ಇದೆಯೇ ಅಂತ. ಗಿರಾಕಿ ಬಾಯಿಬಿಟ್ಟು ಒಪ್ಪದೆ ಬ್ಯಾಂಕಿನವರು ತಾವಾಗಿ ಲಿಮಿಟ್ ಏರಿಸುವ ಹಾಗಿಲ್ಲ. ಹಾಗಾಗಿ ಅವರು ಕೇಳಿದ್ದರು. ಮುಂದೆ ಇದರ ಬಗ್ಗೆ ಬ್ಯಾಂಕನ್ನು ಬಯ್ಯಲು ದಾಕ್ಷಾಯಣಿಗೆ ಬಾಯಿ ಇಲ್ಲದಂತಾದದ್ದು ಇದರಿಂದಲೇ.

ಅವಳು ಸಂಜೆ ಗಂಡನನ್ನು ಕೇಳಿದಳು. ವಿರೂಪಾಕ್ಷ ಯಲಹಂಕದ ಒಂದು ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆ ಕೆಲಸದವನು. ದಿನವಿಡೀ ಕಬ್ಬಿಣದ ತುಂಡುಗಳನ್ನು ಅಳೆದು ಇದು ಸರಿ, ಇದು ವಾಪಸ್ ಅಂತ ಬೇರೆ ಮಾಡುವವನು. ಮನೆಯಲ್ಲೂ ಅವನದು ಹಾಗೇ, ಸರಿ ಇಲ್ಲವೇ ವಾಪಸ್. ಅವನು ರೊಟ್ಟಿ ಮುರಿಯುತ್ತಲೇ ಹೇಳಿದ.

"ನಮಗ್ಯಾಕ ಬೇಕ ಅದು? ಇದ್ದದ್ದರೊಳಗ ನಡದೈತಿ. ಬ್ಯಾಡ ಅಂತ ಒತ್ತಿಬಿಡು."

ಮರುದಿನ ಅವಳು ಬೇಕು ಅಂತ ಒತ್ತಿದಳು. ಓಟಿಪಿ ಬಂತು, ಹಾಕಿದಳು, ಟೀ ಕುಡಿಯುವಷ್ಟರಲ್ಲಿ ಲಿಮಿಟ್ ಎರಡೂವರೆ ಲಕ್ಷವಾಗಿತ್ತು. ಮನೆಗೆ ಹೋಗಿ ಗಂಡನಿಗೆ ಬೇಡ ಅಂದೆ ಅಂತ ಹೇಳಿದಳು. ಯಾಕೆ ಸುಳ್ಳು ಹೇಳಿದೆ ಅಂತ ಆವತ್ತು ಅವಳನ್ನು ಕೇಳಿದ್ದರೆ ಅವಳಿಗೇ ಗೊತ್ತಿರಲಿಲ್ಲ. ಏರಿಸಿಕೊಂಡ ಮಾತ್ರಕ್ಕೆ ಖರ್ಚು ಮಾಡಬೇಕಂತ ಏನಿದೆ, ಇರಲಿ ಅಂತ ಇಟ್ಟುಕೊಂಡರಾಯಿತು ಅನ್ನುವುದು ಅವಳ ಲೆಕ್ಕ. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ಅವಳಲ್ಲಿ.

ಅಂಗಡಿಗೆ ಹೋಗಬೇಡಿ ಅಂತ ಶಾಂತಲಾಳನ್ನು ತಡೆದು, ತನ್ನ ಕಾರ್ಡಿನಲ್ಲೇ ಹಾಕಿದ ಟೀವಿ ಅವಳ ಮನೆ ಸೇರಿತು. ಶಾಂತಲಾ ಅದೇ ಸಂಜೆ ಪೂರ್ತಿ ದುಡ್ಡು ಕಳಿಸಿದಳು. ಬಿಲ್ಲಿಗೆ ಇನ್ನೂ ತಿಂಗಳ ಮೇಲೆ ಸಮಯವಿತ್ತು. ಸಂಬಳದ ಖಾತೆಯಲ್ಲಿ ಅಷ್ಟು ದೊಡ್ಡ ಮೊತ್ತ ಒಟ್ಟಿಗೆ ನಿಂತದ್ದನ್ನು ದಾಕ್ಷಾಯಣಿ ಹಿಂದೆ ಕಂಡಿರಲಿಲ್ಲ. ನೋಡುತ್ತ ನೋಡುತ್ತ ಅದು ತನ್ನದೇ ಅನ್ನಿಸತೊಡಗಿತು. ಮಗಳು ಭಾಗ್ಯಶ್ರೀಯ ಟ್ಯೂಷನ್ನಿಗೆ ವರ್ಷದ ಫೀಸು ಒಂದೇ ಸಲ ಕಟ್ಟಿಬಿಟ್ಟಳು. ತಂಗಿಗೆ ಸೀಮಂತದ ಸೀರೆ ಕಳಿಸಿದಳು. ಬಿಲ್ಲು ಬಂದಾಗ ಖಾತೆಯಲ್ಲಿ ಅರ್ಧವೂ ಇರಲಿಲ್ಲ. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತದೆ, ಒಂದು ಪೂರ್ತಿ ಬಾಕಿ, ಇನ್ನೊಂದು ಕನಿಷ್ಠ ಬಾಕಿ. ಇಷ್ಟು ವರ್ಷ ಅವಳು ಮೊದಲನೆಯದನ್ನೇ ಕಟ್ಟಿದವಳು. ಈ ತಿಂಗಳೊಂದು ಸಲ ಅಂತ ಎರಡನೆಯದನ್ನು ಕಟ್ಟಿದಳು.

ಪೂರ್ತಿ ಕಟ್ಟದೆ ಉಳಿಸಿದ ಕೂಡಲೇ ಕೊಂಡ ದಿನದಿಂದ ಬಿಲ್ಲಿನ ತನಕ ಬಡ್ಡಿಯಿಲ್ಲದೆ ಸಿಗುವ ಗಡುವೂ ಹೋಗುತ್ತದೆ, ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ ಅನ್ನುವುದು ಅವಳಿಗೆ ಆಮೇಲೆ ತಿಳಿಯಿತು. ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂತ ಸಣ್ಣ ಅಕ್ಷರದಲ್ಲಿ ಓದಿದಾಗ ಸಣ್ಣದಾಗಿಯೇ ಕಂಡಿತ್ತು. ವರ್ಷಕ್ಕೆ ಎಷ್ಟಾಯಿತು ಅಂತ ಗುಣಿಸಲು ಅವಳು ಹೋಗಲಿಲ್ಲ. ಇಡೀ ಕಾಲೇಜಿನ ಫೀಸಿನ ಲೆಕ್ಕವನ್ನು ಪೈಸೆ ಬಿಡದೆ ಹೊಂದಿಸುವ ಹೆಂಗಸು, ತನ್ನ ಲೆಕ್ಕದ ಮುಂದೆ ಬಂದಾಗ ಕಣ್ಣು ಮುಚ್ಚಿಕೊಂಡಳು.

ಈಗ ಅವಳಿಗೊಂದು ಹೊಸ ಚಾಳಿ ಅಂಟಿತು. ಬೇರೆಯವರಿಗೆ ಆರ್ಡರ್ ಹಾಕುವಾಗ, ಜೊತೆಗೆ ನನಗೂ ಒಂದು. ಶಾಂತಲಾ ಎಣ್ಣೆಯಿಲ್ಲದೆ ಕರಿಯುವ ಯಂತ್ರ ತರಿಸಿದರೆ ಇವಳಿಗೂ ಒಂದು. ಲ್ಯಾಬಿನವರು ಕೈಗಡಿಯಾರ ತರಿಸಿದರೆ ಇವಳಿಗೂ ಒಂದು. ಮೊದಲು ಎಪ್ಪತ್ತೈದು ಸಾವಿರದ ಗೋಡೆ ಎದುರಿಗಿದ್ದಾಗ ಸಾವಿರದ ಚಪ್ಪಲಿಗೂ ಎರಡು ದಿನ ಯೋಚಿಸುತ್ತಿದ್ದಳು. ಈಗ ಆ್ಯಪ್ ತೆರೆದರೆ ಇನ್ನೂ ಒಂದು ಲಕ್ಷದ ಮೇಲೆ ಉಳಿದಿದೆ ಅಂತ ತೋರಿಸುತ್ತಿತ್ತು. ಅದು ಮಾಡಲು ಉಳಿದ ಸಾಲ. ಅವಳು ಅದನ್ನು ಉಳಿದ ದುಡ್ಡು ಅಂತ ಓದುತ್ತಿದ್ದಳು.

ಪಾರ್ಸೆಲ್ಲುಗಳೆಲ್ಲ ಕಾಲೇಜಿನ ವಿಳಾಸಕ್ಕೇ ಬರುತ್ತಿದ್ದವು. ಮನೆಗೆ ಒಯ್ಯುವಾಗ ಹೊರಗಿನ ಡಬ್ಬ ಬಿಚ್ಚಿ ಬಿಸಾಡಿ, ವಸ್ತುವನ್ನು ಹಳೇ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಗಂಡ ಕೇಳಿದರೆ ಆಫೀಸಿನಲ್ಲಿ ಯಾರೋ ಬೇಡ ಅಂದರು, ಅರ್ಧ ರೇಟಿಗೆ ಕೊಟ್ಟರು ಅನ್ನುತ್ತಿದ್ದಳು. ಕಳ್ಳ ಮಾಲು ಸಾಗಿಸುವವಳ ಹಾಗೆ ತನ್ನದೇ ಮನೆಯ ಮೆಟ್ಟಿಲು ಹತ್ತುವಾಗ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೆ ಮುಂದಿನ ವಾರ ಮತ್ತೆ ಹತ್ತುತ್ತಿದ್ದಳು.

ಬೇಸಿಗೆ ಕಳೆಯುವ ಹೊತ್ತಿಗೆ ಬಾಕಿ ಎರಡು ಲಕ್ಷ ದಾಟಿತ್ತು. ತಿಂಗಳು ತಿಂಗಳು ಹನ್ನೆರಡು ಸಾವಿರ ಕಟ್ಟುತ್ತಿದ್ದಳು, ಅದರಲ್ಲಿ ಎಂಟು ಸಾವಿರದ ಮೇಲೆ ಬಡ್ಡಿಗೂ ಅದರ ಮೇಲಿನ ತೆರಿಗೆಗೂ ಹೋಗುತ್ತಿತ್ತು. ಒಂದು ತಿಂಗಳೂ ತಪ್ಪಿಸಲಿಲ್ಲ. ತಪ್ಪಿಸದಿದ್ದರೆ ಸಾಕು, ಹೆಸರು ಕೆಡುವುದಿಲ್ಲ ಅಂತ ನಂಬಿದ್ದಳು.

ಅದೇ ಹೊತ್ತಿಗೆ ಮನೆಯ ಮಾತು ಬಂತು. ಅಟ್ಟೂರಿನಲ್ಲಿ ಅವರು ಬಾಡಿಗೆಗಿದ್ದ ರಸ್ತೆಯಲ್ಲೇ ನರಸಿಂಹಯ್ಯ ಅನ್ನುವ ನಿವೃತ್ತ ಮೇಷ್ಟ್ರು ತಮ್ಮ ಎರಡು ಕೋಣೆಯ ಫ್ಲಾಟು ಮಾರಿ ಮಗಳ ಊರಿಗೆ ಹೋಗುವವರಿದ್ದರು. ಬ್ರೋಕರ್ ಇಲ್ಲದೆ, ಪರಿಚಯದ ಮೇಲೆ, ಒಳ್ಳೆಯ ಬೆಲೆಗೆ ವಿರೂಪಾಕ್ಷನಿಗೆ ಕೊಡಲು ಒಪ್ಪಿದ್ದರು. ಅವನು ಬೆಂಗಳೂರಿಗೆ ಬಂದಾಗಿನಿಂದ ಕೂಡಿಟ್ಟದ್ದು, ಊರಿನ ಪಾಲಿನದು ಎಲ್ಲ ಸೇರಿ ಕೈಯಿಂದ ಹಾಕುವ ಹಣ ಹೊಂದಿತ್ತು. ಉಳಿದದ್ದು ಬ್ಯಾಂಕ್ ಸಾಲ. ಅವನೊಬ್ಬನ ಸಂಬಳಕ್ಕೆ ಅಷ್ಟು ಸಾಲ ಹುಟ್ಟುವುದಿಲ್ಲ, ಹೆಂಡತಿಯ ಸಂಬಳವೂ ಸೇರಬೇಕು. ಮೇಷ್ಟ್ರ ಹಿಂದೆ ಇನ್ನೊಬ್ಬ ಗಿರಾಕಿ ಆಗಲೇ ಓಡಾಡುತ್ತಿದ್ದ. ಈ ತಿಂಗಳೊಳಗೆ ಸಾಲ ಮಂಜೂರಾದರೆ ನಿಮಗೆ, ಇಲ್ಲದಿದ್ದರೆ ನನ್ನ ಮೇಲೆ ಬೇಜಾರಾಗಬೇಡಿ ಅಂದಿದ್ದರು ಅವರು. ವಿರೂಪಾಕ್ಷ ಎರಡು ಸಲ ಹೋಗಿ ಆ ಮನೆಯ ಕಿಟಕಿಗಳನ್ನು ಟೇಪು ಹಿಡಿದು ಅಳೆದು ಬಂದಿದ್ದ, ಪರದೆ ಹೊಲಿಸಲಿಕ್ಕೆ.

ಸಾಲ ಕೇಳಿದ್ದು ಬೇರೆ ಬ್ಯಾಂಕಿನಲ್ಲಿ, ಸಹಕಾರನಗರದ ಶಾಖೆಯಲ್ಲಿ. ಒಂದು ಬ್ಯಾಂಕಿನ ಕಾರ್ಡು ಇನ್ನೊಂದು ಬ್ಯಾಂಕಿಗೆ ಹೇಗೆ ಕಾಣುತ್ತದೆ ಅನ್ನುವ ಧೈರ್ಯದಲ್ಲಿ ದಾಕ್ಷಾಯಣಿ ಹೋದಳು. ಸಾಲದ ಅಧಿಕಾರಿ ಅನಂತರಾಜು ಇಬ್ಬರನ್ನೂ ಕೂರಿಸಿ, ಸಂಬಳದ ಚೀಟಿಗಳನ್ನು ತಿರುವಿ ಹಾಕಿ, ಬೇರೆ ಸಾಲ ಏನಾದರೂ ಇದೆಯಾ ಅಂತ ಕೇಳಿದರು. ವಿರೂಪಾಕ್ಷ ಕುರ್ಚಿಯಲ್ಲಿ ನೆಟ್ಟಗಾದ. ನಮಗೆ ಸಾಲ ಅನ್ನುವುದೇ ಇಲ್ಲ, ಕಾರ್ಡಿನ ಲಿಮಿಟ್ ಹೆಚ್ಚು ಮಾಡುತ್ತೇವೆ ಅಂತ ಅವರಾಗಿ ಬಂದರೂ ನಮ್ಮ ಮನೆಯವಳು ಬೇಡ ಅಂದವಳು ಅಂತ ಹೆಮ್ಮೆಯಿಂದ ಹೇಳಿದ. ಅನಂತರಾಜು ಕಂಪ್ಯೂಟರಿನ ಪರದೆ ನೋಡಿದರು, ದಾಕ್ಷಾಯಣಿಯ ಮುಖ ನೋಡಿದರು, ಮತ್ತೆ ಪರದೆ ನೋಡಿದರು.

ಕೆಟ್ಟ ಮನುಷ್ಯರಲ್ಲ ಅವರು, ಮೆಲ್ಲಗೇ ಹೇಳಿದರು. ಯಾವ ಬ್ಯಾಂಕಿನ ಸಾಲವಿದ್ದರೂ ನಮಗಿಲ್ಲಿ ಕಾಣುತ್ತದೆ, ಮೇಡಂ ಹೆಸರಿನ ಕಾರ್ಡಿನಲ್ಲಿ ಎರಡೂವರೆ ಲಕ್ಷದ ಲಿಮಿಟ್ಟಿಗೆ ಎರಡು ಲಕ್ಷದ ಮೇಲೆ ಬಾಕಿ ಕಾಣಿಸುತ್ತಿದೆ. ಕಂತು ತಪ್ಪಿಲ್ಲ, ಆದರೆ ಲಿಮಿಟ್ಟಿನ ಬಹುಪಾಲು ಬಳಸಿಬಿಟ್ಟಿರುವುದರಿಂದ ಸಾಲ ಕೊಡಲು ನಾವು ನೋಡುವ ಸ್ಕೋರು ಬಿದ್ದಿದೆ. ಅದಕ್ಕಿಂತ ಮುಖ್ಯ, ಆ ಬಾಕಿಯ ಐದು ಪರ್ಸೆಂಟನ್ನು ನಾವು ತಿಂಗಳ ಕಂತು ಅಂತ ಹಿಡಿಯುತ್ತೇವೆ. ಅಷ್ಟು ಕಳೆದರೆ ನಿಮಗೆ ಸಿಗುವ ಸಾಲ ಹತ್ತು ಹನ್ನೆರಡು ಲಕ್ಷ ಕಡಿಮೆಯಾಗುತ್ತದೆ. ಕಾರ್ಡಿನ ಬಾಕಿ ಪೂರ್ತಿ ತೀರಿಸಿ ಕಾಗದ ತನ್ನಿ, ಮತ್ತೆ ನೋಡೋಣ.

ವಿರೂಪಾಕ್ಷ ಹೆಂಡತಿಯ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಎಲ್ಲೋ ತಪ್ಪು ಅಳತೆ ಬಂದಿದೆ, ಇನ್ನೊಮ್ಮೆ ಅಳೆದರೆ ಸರಿಹೋಗುತ್ತದೆ ಅನ್ನುವ ಮುಖ. ಆ ಮುಖಕ್ಕೆ ನಿಜ ಹೇಳುವುದು ದಾಕ್ಷಾಯಣಿಯಿಂದ ಆಗಲಿಲ್ಲ.

"ಅದು ನಂದಲ್ರಿ," ಅಂದಳು. "ನಮ್ಮ ಲೈಬ್ರರಿ ಮುಸರ್ರತ್ ಅವರದು. ಖಾದರ್ ಬಾಷಾ ಅವರ ಹಾರ್ಟಿನ ಆಪರೇಷನ್ನಿಗೆ ಕಾರ್ಡು ಉಜ್ಜಿ ಕೊಟ್ಟೆ."

ಬಾಯಿಂದ ಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಮುಸರ್ರತ್ ಕಾಲೇಜಿನ ಲೈಬ್ರರಿಯಲ್ಲಿ ಸಹಾಯಕಿ, ಗಂಡ ಖಾದರ್ ಬಾಷಾ ಆರ್.ಟಿ. ನಗರದಲ್ಲಿ ಸೋಫಾ ಹೊಲಿಯುವವನು. ಹೋದ ಚಳಿಗಾಲದಲ್ಲಿ ಅವನಿಗೆ ಹಾರ್ಟಿನ ಆಪರೇಷನ್ ಆದದ್ದು ನಿಜ. ಆದರೆ ಮುಸರ್ರತ್ ಯಾರ ಹತ್ತಿರವೂ ಕೈ ಚಾಚಲಿಲ್ಲ, ಅಣ್ಣಂದಿರಿಂದ ತಂದಳು, ಬಳೆ ಮಾರಿದಳು. ಕಾಲೇಜಿನವರು ಚಂದಾ ಎತ್ತಿದಾಗ ದಾಕ್ಷಾಯಣಿ ಐನೂರು ರೂಪಾಯಿ ಹಾಕಿದ್ದಳು, ಅಷ್ಟೇ. ಇನ್ನು ಕಾರ್ಡಿನ ಮಾತು ಅಂದರೆ, ಮುಸರ್ರತ್ ಇವಳ ಕಾರ್ಡಿನಲ್ಲಿ ಒಂದೇ ಒಂದು ಸಲ ಮಗನಿಗೆ ಫೋನು ತರಿಸಿದ್ದಳು. ಎಲ್ಲರೂ ವಸ್ತು ಬಂದ ಮೇಲೆ ದುಡ್ಡು ಕೊಟ್ಟರೆ ಅವಳು ಆರ್ಡರ್ ಹಾಕುವ ಮೊದಲೇ ಕವರಿನಲ್ಲಿ ನೋಟು ತಂದಿಟ್ಟು, ಎಣಿಸಿಕೊಳ್ಳಿ ಮೇಡಂ ಅಂದಿದ್ದಳು.

ವಿರೂಪಾಕ್ಷ ಸಂಬಳದ ಚೀಟಿಗಳನ್ನು ಎತ್ತಿಕೊಂಡು ಎದ್ದ. ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತ. ಬೈಯಲಿ, ಬೈದರೆ ಅರ್ಧ ಭಾರ ಇಳಿಯುತ್ತದೆ ಅಂತ ದಾಕ್ಷಾಯಣಿ ಕಾದಳು.

"ಚಲೋ ಕೆಲಸ ಮಾಡೀದಿ," ಅಂದ ಅವನು. "ನನಗ್ಯಾಕ ಹೇಳಲಿಲ್ಲ?"

ಲಿಮಿಟ್ ಬೇಡ ಅಂದಿದ್ದಿರಲ್ಲ, ಅದಕ್ಕೆ ಹೆದರಿದೆ ಅಂತ ಇನ್ನೊಂದು ಸುಳ್ಳು ಹೊಂದಿಸಿದಳು. ಮೊದಲನೆಯ ಸುಳ್ಳಿಗೂ ಇದರಿಂದ ಬಣ್ಣ ಬಂತು. ಒಂದು ಜೀವ ಉಳಿಸಲಿಕ್ಕೆ ನೀನು ನನ್ನ ಮಾತು ಮೀರಿದೆ, ಅದರಲ್ಲಿ ಹೆದರುವುದು ಏನಿದೆ ಅಂತ ಅವನು ಸಮಾಧಾನ ಮಾಡಿದ. ದಾರಿಯುದ್ದಕ್ಕೂ, ಸಂಜೆ ಊಟಕ್ಕೆ ಕೂತಾಗಲೂ ಅದೇ ಮಾತು. ಮಗಳಿಗೂ ಹೇಳಿದ, ನಿಮ್ಮವ್ವ ಎಂಥಾಕಿ ಅಂತ ತಿಳಕೋ ಅಂತ. ಭಾಗ್ಯಶ್ರೀ ತಾಯಿಯನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು. ದಾಕ್ಷಾಯಣಿ ಅರ್ಧ ಉಂಡ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬೈಗುಳ ತಿಂದು ಜೀರ್ಣಿಸಿಕೊಳ್ಳಬಹುದು, ತನ್ನದಲ್ಲದ ಹೊಗಳಿಕೆ ಹಾಗಲ್ಲ.

ಅವನು ಪಾಪದ ಹೆಂಗಸಿನ ಮೇಲೆ ಒತ್ತಡ ಹಾಕಬೇಡ ಅಂದ. ಆದರೆ ಮನೆಯ ಮಾತೂ ಇದೆಯಲ್ಲ, ಅರ್ಧವಾದರೂ ಈ ತಿಂಗಳು ಹೊಂದಿಸಿದರೆ ಉಳಿದರ್ಧ ನಾವು ಎಲ್ಲಿಂದಾದರೂ ತರೋಣ, ಅವರು ಆಮೇಲೆ ನಿಧಾನಕ್ಕೆ ಕೊಡಲಿ, ಕೇಳಿ ನೋಡು ಅಂದ. ಕೇಳುತ್ತೇನೆ ಅಂದಳು. ಮರುದಿನ ಕೇಳಿದ್ದೀಯಾ ಅಂದಾಗ ಅವರು ರಜೆ ಅಂದಳು. ಅದರ ಮರುದಿನ ಮತ್ತೇನೋ ಅಂದಳು.

ಆಮೇಲಿನ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಫೋನಿಗೆ ಬ್ಯಾಂಕಿನ ಸಂದೇಶ ಬಂತು. ತಪ್ಪದೆ ಕಟ್ಟುವ ನಿಮ್ಮಂಥ ಗ್ರಾಹಕರಿಗೆ ಲಿಮಿಟ್ ನಾಲ್ಕು ಲಕ್ಷಕ್ಕೆ ಏರಿಸುತ್ತೇವೆ, ಒಪ್ಪಿಗೆಯೇ ಅಂತ. ಅಷ್ಟು ಬಾಕಿ ಉಳಿಸಿಕೊಂಡವಳಿಗೆ ಇನ್ನೂ ಕೊಡುತ್ತಾರಲ್ಲ ಅಂತ ಮೊದಲು ಆಶ್ಚರ್ಯವಾಯಿತು. ತಿಂಗಳು ತಿಂಗಳು ಎಂಟು ಸಾವಿರ ಬಡ್ಡಿ ಕಟ್ಟುವವಳಿಗಿಂತ ಒಳ್ಳೆಯ ಗಿರಾಕಿ ಅವರಿಗೆ ಯಾರು ಅಂತ ಆಮೇಲೆ ಹೊಳೆಯಿತು.

ಮೇಜಿನ ಮೇಲೆ ಫೋನಿಟ್ಟುಕೊಂಡು ಅವಳು ಲೆಕ್ಕ ಹಾಕಿದಳು. ಒಪ್ಪಿಕೊಂಡರೆ ನಾಲ್ಕು ಲಕ್ಷದಲ್ಲಿ ಎರಡು ಲಕ್ಷ ಅಂದರೆ ಅರ್ಧ ಮಾತ್ರ ಬಳಸಿದ ಹಾಗೆ ಕಾಣುತ್ತದೆ, ಸ್ಕೋರು ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಅದು ಸರಿಯಾದ ಲೆಕ್ಕವೇ. ಖರ್ಚು ಅಷ್ಟಕ್ಕೇ ನಿಲ್ಲಿಸಿದವರಿಗೆ ಲಿಮಿಟ್ ಏರುವುದು ಒಳ್ಳೆಯದೇ. ಆದರೆ ಅವಳಿಗೆ ಬೇಕಾಗಿದ್ದದ್ದು ಅದಲ್ಲ. ಖಾಲಿ ಇರುವ ಲಿಮಿಟ್ಟಿನ ಮೇಲೆ ಅದೇ ಬ್ಯಾಂಕು ನಗದು ಸಾಲ ಕೊಡುತ್ತದೆ, ನೇರ ಖಾತೆಗೆ ಬೀಳುತ್ತದೆ. ಒಂದು ಲಕ್ಷ ಎತ್ತಿ ಗಂಡನಿಗೆ ತೋರಿಸಿ, ನೋಡಿ, ಮುಸರ್ರತ್ ಅರ್ಧ ಕೊಟ್ಟರು ಅನ್ನಬಹುದು. ಆ ಒಂದು ಲಕ್ಷ ಕಾರ್ಡಿಗೇ ಕಟ್ಟಿದರೆ ಈ ಜೇಬಿನಿಂದ ತೆಗೆದು ಆ ಜೇಬಿಗೆ ಹಾಕಿದ ಹಾಗೆ, ಒಟ್ಟು ಸಾಲ ಒಂದು ರೂಪಾಯಿಯೂ ಇಳಿಯುವುದಿಲ್ಲ, ಅನಂತರಾಜು ಅವರ ಪರದೆಯಲ್ಲಿ ಮತ್ತೆ ಕಂಡೇ ಕಾಣುತ್ತದೆ. ಅವಳಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ, ಇವತ್ತು ಸಂಜೆ ಗಂಡನ ಮುಖ ನೋಡುವ ಹೊತ್ತೊಂದು ಕಳೆದರೆ ಸಾಕು ಅನ್ನಿಸಿತು.

ಒಪ್ಪಿಗೆ ಅಂತ ಒತ್ತಿದಳು. ಓಟಿಪಿ ಬಂತು. ಮೊದಲ ಎರಡು ಅಂಕಿ ಹಾಕುವಷ್ಟರಲ್ಲಿ ಶಾಂತಲಾ ಊಟದ ಡಬ್ಬಿ ಹಿಡಿದು ಒಳಗೆ ಬಂದು, ನಿಮ್ಮೆಜಮಾನ್ರು ಬಂದಿದಾರೆ ಮೇಡಂ, ಲೈಬ್ರರಿ ಎಲ್ಲಿ ಅಂತ ಕೇಳಿದ್ರು, ತೋರಿಸಿ ಬಂದೆ ಅಂದಳು.

ದಾಕ್ಷಾಯಣಿ ಫೋನು ಹಿಡಿದೇ ಎದ್ದಳು. ಹೇಗೆ ಆ ಕಾರಿಡಾರ್ ದಾಟಿದಳೋ ದೇವರಿಗೇ ಗೊತ್ತು.

ಊಟದ ಹೊತ್ತು, ಲೈಬ್ರರಿಯಲ್ಲಿ ಬೇರೆ ಯಾರೂ ಇರಲಿಲ್ಲ. ವಿರೂಪಾಕ್ಷ ಅರ್ಧ ದಿನ ರಜೆ ಹಾಕಿ ಬಂದಿದ್ದ, ಕಾರ್ಖಾನೆಯ ಸಮವಸ್ತ್ರದಲ್ಲೇ ಇದ್ದ. ಹುಡುಗರು ಕೂರುವ ಸಣ್ಣ ಕುರ್ಚಿಯಲ್ಲಿ ಮುದುರಿ ಕೂತು, ಖಾದರ್ ಬಾಷಾ ಈಗ ಹೇಗಿದ್ದಾರೆ, ಗುಳಿಗೆ ಸರಿಯಾಗಿ ತಗೋತಾರಾ ಅಂತ ವಿಚಾರಿಸುತ್ತಿದ್ದ. ಮುಸರ್ರತ್ ಎದುರಿಗೆ ನಿಂತು, ಈಗ ಪರವಾಗಿಲ್ಲ ಸಾರ್, ಅಂಗಡಿಗೂ ಹೋಗ್ತಾರೆ ಅನ್ನುತ್ತಿದ್ದಳು. ಇಷ್ಟು ಕಾಳಜಿಯಿಂದ ಕೇಳಲಿಕ್ಕೆ ಇವರು ಯಾಕೆ ಬಂದರು ಅನ್ನುವುದು ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಬಾಗಿಲಲ್ಲಿ ನಿಂತ ದಾಕ್ಷಾಯಣಿಯನ್ನು ವಿರೂಪಾಕ್ಷ ನೋಡಲಿಲ್ಲ. ಅವನ ಬೆನ್ನು ಈ ಕಡೆ ಇತ್ತು.

"ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ," ಅಂದ ಅವನು. "ನಮ್ಮಾಕಿಗೆ ಬಾಯಿ ಬರವಲ್ದು, ಅದಕ್ಕ ನಾನ ಬಂದೆ. ಆಪರೇಷನ್ನಿಗೆ ಆಕಿ ಕಾರ್ಡಿನಾಗ ಕೊಟ್ಟಿದ್ದ ರೊಕ್ಕ ಐತಲ್ಲ, ಎರಡು ಲಕ್ಷದ್ದು, ಅದರಾಗ ಅರ್ಧ ಈಗ ಹೊಂದಿಸಾಕ ಆಗತೈತೇನ್ರಿ? ಮನಿ ಸಾಲಕ್ಕ ಅದು ಅಡ್ಡ ಬಂದೈತಿ. ಉಳಿದದ್ದು ನಿಮಗ ಆದಾಗ ಕೊಡ್ರಿ, ವರ್ಷ ಆಗಲಿ ಎರಡು ವರ್ಷ ಆಗಲಿ."

ಮುಸರ್ರತ್ ತಲೆಯೆತ್ತಿದಳು. ವಿರೂಪಾಕ್ಷನ ಭುಜದ ಮೇಲಿಂದ ಅವಳ ಕಣ್ಣು ಬಾಗಿಲಿಗೆ ಬಂತು, ದಾಕ್ಷಾಯಣಿಯ ಮೇಲೆ ನಿಂತಿತು. ಏನು ನಡೆದಿದೆ ಅನ್ನುವುದು ಅವಳಿಗೆ ತಿಳಿದುಹೋಯಿತು. ದಾಕ್ಷಾಯಣಿ ಪಾರ್ಸೆಲ್ ಡಬ್ಬಗಳನ್ನು ಲೈಬ್ರರಿಯ ಹಿಂದಿನ ಕಸದ ತೊಟ್ಟಿಗೆ ಬಿಸಾಡುವುದನ್ನು ಕಿಟಕಿಯಿಂದ ಎಷ್ಟೋ ಸಲ ನೋಡಿದವಳು ಅವಳು. ಈಗ ಹೇಳುತ್ತಾಳೆ, ನಾನೆಲ್ಲಿ ತಗೊಂಡೆ ಅನ್ನುತ್ತಾಳೆ ಅಂತ ದಾಕ್ಷಾಯಣಿ ಚೌಕಟ್ಟು ಹಿಡಿದುಕೊಂಡಳು.

"ಹೌದು ಸಾರ್," ಅಂದಳು ಮುಸರ್ರತ್. "ಆವತ್ತು ಮೇಡಂ ಇಲ್ದಿದ್ರೆ ಕಷ್ಟ ಆಗ್ತಿತ್ತು. ಅಷ್ಟೊಂದು ಒಟ್ಟಿಗೆ ಆಗಲ್ಲ, ಈ ತಿಂಗಳು ಹತ್ತು ಸಾವಿರ ಕೊಡ್ತೀನಿ. ಸ್ವಲ್ಪ ಟೈಮ್ ಕೊಡಿ."

ಕೊಡಬೇಕಿಲ್ಲದ ಸಾಲವನ್ನು ಅವಳು ಅಷ್ಟು ಮೆಲ್ಲಗೆ ಒಪ್ಪಿಕೊಂಡಳು. ಇವಳ ಮನೆಯಲ್ಲಿ ಜಗಳವಾಗದಿರಲಿ ಅಂತಲೇ? ಗಂಡನ ಎದುರು ಒಬ್ಬ ಹೆಂಗಸಿನ ತಲೆ ತಗ್ಗದಿರಲಿ ಅಂತಲೇ? ದಾಕ್ಷಾಯಣಿಗೆ ಅದನ್ನು ಯೋಚಿಸುವ ಶಕ್ತಿಯಿರಲಿಲ್ಲ. ಸುಮ್ಮನಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಕೈಯಲ್ಲಿದ್ದ ಫೋನಿನಲ್ಲಿ ಉಳಿದ ಅಂಕಿಗಳನ್ನು ಒತ್ತಿದರೆ ಸಂಜೆಯೊಳಗೆ ಒಂದು ಲಕ್ಷವೂ ಬರುತ್ತಿತ್ತು, ಎಲ್ಲ ಹೊಂದಿಕೊಳ್ಳುತ್ತಿತ್ತು. ಹಾಗೆ ಹೊಂದಿಕೊಳ್ಳುವುದು ಕಣ್ಣಿಗೆ ಕಟ್ಟಿದಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಮುಸರ್ರತ್ ಅವರು ಕೊಡೂದು ಏನೂ ಇಲ್ರಿ," ಅಂದಳು. ಧ್ವನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ಒಂದು ಪೈಸಾನೂ ತಗೊಂಡಿಲ್ಲ ಅವರು. ಎಲ್ಲಾ ನಾನ ಮಾಡಿದ್ದು. ಲಿಮಿಟ್ ಹೆಚ್ಚ ಮಾಡ್ಕೊಂಡೆ, ಖರ್ಚ ಮಾಡ್ದೆ. ನಿಮಗ ಸುಳ್ಳ ಹೇಳ್ದೆ."

ವಿರೂಪಾಕ್ಷ ತಿರುಗಿ ನೋಡಿದ. ಏನು ಖರ್ಚು, ಯಾವಾಗ, ಎಷ್ಟು, ಒಂದನ್ನೂ ಕೇಳಲಿಲ್ಲ. ಮನೆಯಲ್ಲಿ ಅರ್ಧ ರೇಟಿಗೆ ಬಂದ ವಸ್ತುಗಳೆಲ್ಲ ಅವನ ಕಣ್ಣ ಮುಂದೆ ಸಾಲಾಗಿ ನಿಂತಿರಬೇಕು. ಅವನು ಆ ಸಣ್ಣ ಕುರ್ಚಿಯಿಂದ ಎದ್ದ. ಹೆಂಡತಿಯ ಕಡೆ ಬರಲಿಲ್ಲ. ಮುಸರ್ರತ್ ಎದುರು ನಿಂತು ಎರಡೂ ಕೈ ಜೋಡಿಸಿದ.

"ತಪ್ಪಾತ್ರಿ ಅಕ್ಕಾರ. ನಿಮ್ಮನ್ನ ಸಾಲಗಾರ ಮಾಡಿ ಕೇಳಾಕ ಬಂದೆ. ಹೊಟ್ಟಿಗೆ ಹಾಕ್ಕೋರಿ."

ಕಾರ್ಖಾನೆಯ ಸಮವಸ್ತ್ರದಲ್ಲಿ ಆ ಮನುಷ್ಯ ಕೈ ಮುಗಿದು ನಿಂತದ್ದನ್ನು ದಾಕ್ಷಾಯಣಿ ನೋಡಿದಳು. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳು. ಮುಸರ್ರತ್ ಅಯ್ಯೋ ಬಿಡಿ ಸಾರ್ ಅಂತ ಹಿಂದೆ ಸರಿದಳು.

ಬಾಗಿಲು ದಾಟುವಾಗ ಅವನು ಒಂದು ಕ್ಷಣ ನಿಂತ. ನರಸಿಂಹಯ್ಯನವರಿಗೆ ಫೋನ್ ಮಾಡಿ ಬೇರೆಯವರಿಗೆ ಕೊಡಲು ಹೇಳುತ್ತೇನೆ, ಮನೆಗೆ ಕೂಡಿಟ್ಟದ್ದರಲ್ಲಿ ಮೊದಲು ಇದನ್ನು ತೀರಿಸೋಣ ಅಂದ. ಅದನ್ನು ಹೇಳುವಾಗ ಗೋಡೆಯ ಮೇಲಿನ ನೋಟಿಸ್ ಬೋರ್ಡನ್ನು ನೋಡುತ್ತಿದ್ದ. ಆಮೇಲೆ ಸ್ಕೂಟರ್ ಹೊರಟ ಸದ್ದು ಕೇಳಿಸಿತು.

ಓಟಿಪಿಯ ಅವಧಿ ಮುಗಿದು, ಮತ್ತೆ ಕಳಿಸಬೇಕೇ ಅಂತ ಫೋನು ಕೇಳುತ್ತಿತ್ತು. ದಾಕ್ಷಾಯಣಿ ಬೇಡ ಅಂತ ಒತ್ತಿದಳು. ಆಮೇಲೆ ಮುಸರ್ರತ್ ಹತ್ತಿರ ಹೋಗಿ ನಿಂತಳು. ಮುಸರ್ರತ್ ಅಲ್ಲೇ ಇದ್ದ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿದಳು, ಮತ್ತೆ ಇಳಿಸಿದಳು.

"ಇಷ್ಟು ಜನ ನಿಮ್ಮ ಕಾರ್ಡಲ್ಲಿ ತರಿಸ್ತಾರೆ ಮೇಡಂ," ಅಂದಳು. "ನನ್ನ ಹೆಸರೇ ಯಾಕೆ ಹೇಳಿದ್ರಿ? ಶಾಂತಲಾ ಮೇಡಂ ಹೆಸರು ಹೇಳಬಹುದಿತ್ತಲ್ಲ."

ದಾಕ್ಷಾಯಣಿಯ ಹತ್ತಿರ ಉತ್ತರ ಇತ್ತು. ಬ್ಯಾಂಕಿನಲ್ಲಿ ಮುಸರ್ರತ್ ಹೆಸರು ನಾಲಿಗೆಗೆ ಬಂದಾಗಲೇ ಇತ್ತು. ಇವತ್ತು ಇನ್ನೊಂದು ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

"ಶಾಂತಲಾ ಹೆಸರು ಹೇಳಿದ್ರೆ ನಮ್ಮನೆಯವರು ನಂಬ್ತಿರಲಿಲ್ಲ," ಅಂದಳು.

ಮುಸರ್ರತ್ ತಲೆಯಾಡಿಸಿದಳು. ಗೊತ್ತಿತ್ತು, ಸುಮ್ಮನೆ ಕೇಳಿದೆ ಅನ್ನುವ ಹಾಗೆ. ಊಟದ ಹೊತ್ತು ಮುಗಿದು ಹುಡುಗರು ಒಳಗೆ ಬರತೊಡಗಿದರು, ಅವಳು ಅವರ ಪುಸ್ತಕ ತೆಗೆದುಕೊಳ್ಳಲು ಆ ಕಡೆ ತಿರುಗಿದಳು.